ಕಿವಿಗೆ ಹಿಂದಿನ ಪುಟವಿಲ್ಲ: ಶಿವನಸಮುದ್ರದ ಸಂಚಿಕೆ ತಿದ್ದಿದ ಬಗೆ

ನಾನು ಒಂದು ಕನ್ನಡ ಪಾಡ್‌ಕಾಸ್ಟಿಗೆ ಸ್ಕ್ರಿಪ್ಟ್ ತಿದ್ದುತ್ತೇನೆ. ಬರೆಯುವವರು ಒಬ್ಬರು, ಮೈಕಿನ ಮುಂದೆ ಓದುವವರು ಇನ್ನೊಬ್ಬರು, ನಡುವೆ ನಾನು. ನಮಗೆ ಬರೆದುಕೊಡುವ ಹೆಚ್ಚಿನವರು ಪತ್ರಿಕೆಗೆ ಬರೆದು ಪಳಗಿದವರು. ಅವರ ವಾಕ್ಯದಲ್ಲಿ ದೋಷ ಹುಡುಕುವುದು ಕಷ್ಟ, ಆದರೆ ಆ ವಾಕ್ಯ ಕಣ್ಣಿಗಾಗಿ ಕಟ್ಟಿದ್ದು. ಓದುಗ ದಾರಿ ತಪ್ಪಿದರೆ ಎರಡು ಸಾಲು ಮೇಲೆ ಹೋಗಿ ಮತ್ತೆ ಓದುತ್ತಾನೆ. ಕೇಳುಗ ಬೈಕಿನಲ್ಲಿರುತ್ತಾನೆ, ಇಲ್ಲವೇ ಕೈಯೆಲ್ಲ ಪಾತ್ರೆ ತೊಳೆಯುವ ಸೋಪಾಗಿರುತ್ತದೆ. ಹದಿನೈದು ಸೆಕೆಂಡ್ ಹಿಂದೆ ಹೋಗುವ ಗುಂಡಿ ಇದೆ ನಿಜ. ಅದನ್ನು ಒತ್ತುವ ಬದಲು ಬೇರೆ ಸಂಚಿಕೆಗೆ ಹೋಗುವವರೇ ಜಾಸ್ತಿ ಎಂದು ನನ್ನ ಅನುಮಾನ.

ಶಿವನಸಮುದ್ರದ ವಿದ್ಯುತ್ ಕೇಂದ್ರದ ಬಗೆಗಿನ ಸಂಚಿಕೆ ತಿದ್ದಿದ್ದನ್ನೇ ಹೇಳುತ್ತೇನೆ. ಸ್ಕ್ರಿಪ್ಟ್ ಶುರುವಾಗುತ್ತಿದ್ದದ್ದು ಹೀಗೆ:

"1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡು, ಕ್ಯಾಪ್ಟನ್ ಡಿ ಲಾಟ್‌ಬಿನಿಯರ್ ಅವರ ಉಸ್ತುವಾರಿಯಲ್ಲಿ ನಿರ್ಮಾಣವಾಗಿ, 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ (ಕೆಜಿಎಫ್) ವಿದ್ಯುತ್ ಪೂರೈಸಲಾರಂಭಿಸಿದ ಶಿವನಸಮುದ್ರದ ಜಲವಿದ್ಯುತ್ ಕೇಂದ್ರವು ಮೂರು ವರ್ಷಗಳ ನಂತರ ಬೆಂಗಳೂರಿಗೂ ಬೆಳಕು ನೀಡಿತು."

ಅಚ್ಚಿನಲ್ಲಿ ಇದಕ್ಕೆ ಯಾರೂ ಕೈ ಹಚ್ಚುವುದಿಲ್ಲ. ಈಗ ಕಣ್ಣು ಮುಚ್ಚಿ ಯಾರಿಂದಲಾದರೂ ಓದಿಸಿಕೊಳ್ಳಿ. ಯಾವುದರ ಬಗ್ಗೆ ಮಾತು ಅನ್ನುವುದು ತಿಳಿಯುವ ಹೊತ್ತಿಗೆ ವಾಕ್ಯ ಮುಗಿಯುತ್ತಾ ಬಂದಿರುತ್ತದೆ. ಕನ್ನಡದಲ್ಲಿ ವಿಶೇಷಣವೆಲ್ಲ ಹೆಸರಿಗಿಂತ ಮುಂಚೆ ಬರುತ್ತದೆ, ಕ್ರಿಯಾಪದ ಕಟ್ಟಕಡೆಗೆ. "ದಿವಾನರಾಗಿದ್ದ", "ರೂಪುಗೊಂಡು", "ಆರಂಭಿಸಿದ" ಅಂತ ಒಂದೊಂದನ್ನೂ ಕೇಳುಗ ಎತ್ತಿ ಹಿಡಿದುಕೊಂಡೇ ಇರಬೇಕು, ಇಳಿಸುವ ಜಾಗ ಕೊನೆಗೆ ಸಿಗುತ್ತದೆ. ಹಾಗಾಗಿ ನನ್ನ ಮೊದಲ ಕೆಲಸ ಯಾವಾಗಲೂ ಒಂದೇ: ಹೆಸರಿಗೆ ಮುಂಚೆ ಪೇರಿಸಿಟ್ಟ ವಿಶೇಷಣಗಳನ್ನು ಬಿಚ್ಚಿ, ಹೆಸರನ್ನು ಮುಂದೆ ತರುವುದು. ಒಂದು ವಾಕ್ಯದಲ್ಲಿ "ಇದ್ದ, ಬಂದ, ಮಾಡಿದ" ಬಗೆಯ ರೂಪ ಎರಡಕ್ಕಿಂತ ಹೆಚ್ಚಿದ್ದರೆ ಅಲ್ಲಿಗೆ ಪೆನ್ಸಿಲ್ ಗುರುತು.

ಇದರ ಜೊತೆಗೇ ಕಣ್ಣಿಗೆ ಮಾತ್ರ ಕಾಣುವ ಗುರುತುಗಳೂ ಹೋಗುತ್ತವೆ. ಆವರಣ ಚಿಹ್ನೆ ಕೇಳಿಸುವುದಿಲ್ಲ. "ಮೇಲೆ ಹೇಳಿದಂತೆ" ಅಂದರೆ ಎಲ್ಲಿ ಮೇಲೆ? "ಕ್ರಮವಾಗಿ" ಎಂಬ ಮಾತಂತೂ ಕೇಳುಗನಿಗೆ ಕೊಟ್ಟ ಶಿಕ್ಷೆ. ಯಾರದ್ದಾದರೂ ಮಾತನ್ನು ಉದ್ಧರಿಸುವಾಗ ಇನ್ನೊಂದು ತೊಡಕಿದೆ. ನಮ್ಮ "ಎಂದರು" ಮಾತು ಮುಗಿದ ಮೇಲೆ ಬರುತ್ತದೆ. ಅಲ್ಲಿಯವರೆಗೂ ಅದನ್ನು ನಿರೂಪಕಿಯ ಸ್ವಂತ ಮಾತು ಎಂದೇ ಕೇಳುಗ ತಿಳಿದಿರುತ್ತಾನೆ. ಆದ್ದರಿಂದ "ಗಣಿಯವರು ಹೇಳಿದ್ದು ಇಷ್ಟು" ಎಂದು ಮುಂಚೆಯೇ ಹೇಳಿ, ಮಾತು ಮುಗಿದ ಕೂಡಲೇ "ಇದು ಗಣಿಯವರ ಲೆಕ್ಕ" ಎಂದು ಬಾಗಿಲು ಹಾಕುತ್ತೇನೆ.

ತಿದ್ದಿದ ಮೇಲೆ ಆ ಭಾಗ ಹೀಗಾಯಿತು:

"ಮಂಡ್ಯ ಜಿಲ್ಲೆಯ ಶಿವನಸಮುದ್ರ. ಅಲ್ಲಿ ಕಾವೇರಿ ಬಂಡೆಗಳ ಮೇಲಿಂದ ಧುಮುಕುತ್ತಾಳೆ. ಧುಮುಕುವ ನೀರಿನಿಂದ ಕರೆಂಟು ತೆಗೆಯೋಣ ಅನ್ನುವ ಯೋಜನೆ ರೂಪುಗೊಂಡಿದ್ದು ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ. ಸರಿ, ಕರೆಂಟು ತೆಗೆದು ಯಾರಿಗೆ ಕೊಡುವುದು? ಮೈಸೂರಿಗಲ್ಲ. ಬೆಂಗಳೂರಿಗೂ ಅಲ್ಲ. ಕೋಲಾರದ ಚಿನ್ನದ ಗಣಿಗೆ. ಶಿವನಸಮುದ್ರದಿಂದ ಕೋಲಾರದ ಗಣಿಗೆ ತಂತಿ ಎಳೆದರು. ಹೆಚ್ಚುಕಡಿಮೆ ನೂರೈವತ್ತು ಕಿಲೋಮೀಟರ್ ತಂತಿ, ಇವತ್ತು ಬೆಂಗಳೂರಿನಿಂದ ಮೈಸೂರಿಗೆ ಹೋಗುವಷ್ಟು ದೂರ. 1902ರಲ್ಲಿ ಆ ತಂತಿಯಲ್ಲಿ ಕರೆಂಟು ಹರಿಯಿತು. ಬೆಂಗಳೂರಿನ ಸರದಿ ಬಂದದ್ದು ಅದಾಗಿ ಮೂರು ವರ್ಷಕ್ಕೆ."

ಪದಗಳು ಹೆಚ್ಚಾದವು, ಅದರ ಬಗ್ಗೆ ಬೇಸರವಿಲ್ಲ. ಗಮನಿಸಬೇಕಾದದ್ದು ಮರುಕಳಿಕೆ ಎಲ್ಲಿ ಬಿದ್ದಿದೆ ಎಂಬುದನ್ನು. "ಧುಮುಕುತ್ತಾಳೆ" ಎಂದು ಮುಗಿದ ವಾಕ್ಯದ ಮುಂದೆ "ಧುಮುಕುವ ನೀರಿನಿಂದ" ಎಂದು ಶುರು. "ಕರೆಂಟು ತೆಗೆಯೋಣ" ಆದ ಮೇಲೆ "ಕರೆಂಟು ತೆಗೆದು". ಹಿಂದಿನ ವಾಕ್ಯದ ಬಾಲವನ್ನು ಮುಂದಿನದು ಹಿಡಿದುಕೊಂಡು ಹೊರಡುತ್ತದೆ. ಮನೆಯಲ್ಲಿ ಅಜ್ಜಿಯರು ಕಥೆ ಹೇಳುವುದೇ ಹೀಗೆ: "ಕಾಡಿಗೆ ಹೋದ. ಹೋದರೆ ಅಲ್ಲೊಂದು ಹುಲಿ." ಅಚ್ಚಿನ ಕನ್ನಡ ಈ "ಹೋದರೆ"ಯನ್ನು ಅನಗತ್ಯ ಎಂದು ಕಿತ್ತುಹಾಕಿದೆ. ನಾನು ಅದನ್ನು ವಾಪಸ್ ತಂದು ಹಾಕುತ್ತೇನೆ.

147 ಎಂಬ ಅಂಕಿ ಯಾಕೆ ಹೋಯಿತು ಎಂದು ಬರೆದವರು ಕೇಳಿದರು. ಕಿವಿಯಲ್ಲಿ ಅದು ನಿಲ್ಲುವುದಿಲ್ಲ. ನಿಲ್ಲಬೇಕಾದದ್ದು ದೂರದ ಅಂದಾಜು. ಇಸವಿಗಳಲ್ಲೂ ಹೀಗೇ. ಇಡೀ ಸಂಚಿಕೆಗೆ ಒಂದು ಇಸವಿಯನ್ನು ಗೂಟವಾಗಿ ಇಟ್ಟುಕೊಂಡೆ, 1902. ಉಳಿದದ್ದೆಲ್ಲ ಅದಕ್ಕೆ ಕಟ್ಟಿದ್ದು: ಅದಾಗಿ ಮೂರು ವರ್ಷಕ್ಕೆ, ಅದಕ್ಕಿಂತ ಹಿಂದಿನ ವರ್ಷ. ಶೇಷಾದ್ರಿ ಅಯ್ಯರ್ ತೀರಿಕೊಂಡದ್ದು 1901ರಲ್ಲಿ. ಅದನ್ನು "ಗಣಿಗೆ ಕರೆಂಟು ಮುಟ್ಟುವ ಹಿಂದಿನ ವರ್ಷ ದಿವಾನರು ತೀರಿಕೊಂಡರು, ತಮ್ಮ ಯೋಜನೆಯ ಕರೆಂಟು ಹರಿದದ್ದನ್ನು ನೋಡಲಿಲ್ಲ" ಎಂದು ಬದಲಿಸಿದಾಗ ಇಸವಿ ಹೋಗಿ ಸಂಗತಿ ಉಳಿಯಿತು.

ಇನ್ನು ಹೆಸರುಗಳು. ಸ್ಕ್ರಿಪ್ಟಿನಲ್ಲಿ ಒಂದೇ ಜಾಗ ಒಮ್ಮೆ ಶಿವನಸಮುದ್ರ, ಒಮ್ಮೆ ಕಾವೇರಿ ಜಲಪಾತ, ಒಮ್ಮೆ ಗಗನಚುಕ್ಕಿ, ಇನ್ನೊಮ್ಮೆ ಬ್ಲಫ್. ಪದ ಮರುಕಳಿಸಬಾರದು ಎಂದು ಶಾಲೆಯಲ್ಲಿ ಕಲಿತ ಪಾಠದ ಫಲ ಇದು. ಆ ಸೀಮೆಯವರಿಗೆ ಬ್ಲಫ್ ಅಂದರೆ ಪವರ್ ಹೌಸ್ ಇರುವ ಜಾಗ ಎಂದು ಗೊತ್ತು, ಬೀದರಿನ ಕೇಳುಗನಿಗೆ ಅದು ಹೊಸ ಊರು. ಅವನ ತಲೆಯಲ್ಲಿ ನಾಲ್ಕು ಊರು ತಯಾರಾಗುತ್ತವೆ. ಸಂಚಿಕೆಯುದ್ದಕ್ಕೂ ಶಿವನಸಮುದ್ರ ಒಂದನ್ನೇ ಉಳಿಸಿದೆ, ಎಷ್ಟು ಸಲ ಬಂದರೂ ಸರಿ. ಜನರಿಗೂ ಹಾಗೆಯೇ, ಮೊದಲ ಸಲ ಪೂರ್ತಿ ಹೆಸರು ಮತ್ತು ಕೆಲಸ, ಆಮೇಲೆ ಕೆಲಸದ ಹೆಸರೊಂದೇ: ದಿವಾನರು, ಇಂಜಿನಿಯರು.

"ಅವರು" ಎಂಬ ಸರ್ವನಾಮವನ್ನು ನಾನು ನಂಬುವುದೇ ಇಲ್ಲ. ಗೌರವದ ಏಕವಚನವೂ ಅದೇ, ಬಹುವಚನವೂ ಅದೇ. "ದಿವಾನರು ಗಣಿಯವರ ಜೊತೆ ಒಪ್ಪಂದ ಮಾಡಿಕೊಂಡರು. ಅವರಿಗೆ ಇದರಿಂದ ಲಾಭವಿತ್ತು." ಯಾರಿಗೆ? ಪುಟದಲ್ಲಿ ಸಂದರ್ಭ ನೋಡಿ ಬಿಡಿಸಿಕೊಳ್ಳಬಹುದು. ಕಿವಿಗೆ ಹೇಳುವಾಗ "ಗಣಿಯವರಿಗೆ ಲಾಭವಿತ್ತು" ಎಂದುಬಿಡುವುದೇ ವಾಸಿ.

ದಾರಿ ತೋರಿಸುವ ಮಾತುಗಳ ಬಗ್ಗೆ ಬರೆದವರಿಗೂ ನನಗೂ ಸ್ವಲ್ಪ ಎಳೆದಾಟ ನಡೆಯಿತು. ಅವರು "ಈ ಸಂಚಿಕೆಯಲ್ಲಿ ಐದು ವಿಷಯ ತಿಳಿಯೋಣ" ಎಂದು ಪಟ್ಟಿ ಕೊಟ್ಟಿದ್ದರು. ಐದನ್ನು ನೆನಪಿಟ್ಟುಕೊಂಡು ಕೂರುವ ಕೇಳುಗ ಇಲ್ಲ. ನಾನು ಇಟ್ಟದ್ದು ಒಂದೇ ಪ್ರಶ್ನೆ: ಪಕ್ಕದ ಮೈಸೂರನ್ನು ಬಿಟ್ಟು, ಬೆಂಗಳೂರನ್ನೂ ಬಿಟ್ಟು ಕರೆಂಟು ಮೊದಲು ಕೋಲಾರಕ್ಕೆ ಯಾಕೆ ಹೋಯಿತು? ಪ್ರತಿ ತಿರುವಿನಲ್ಲೂ ಈ ಪ್ರಶ್ನೆಗೆ ಮರಳುತ್ತೇವೆ, ಆದರೆ ಮರಳಿದಾಗಲೆಲ್ಲ ಕೈಯಲ್ಲಿ ಹೊಸದೊಂದು ಇರಬೇಕು. ಗಣಿಯಲ್ಲಿ ಅದಕ್ಕೂ ಮುಂಚೆ ಓಡುತ್ತಿದ್ದ ಉಗಿಯಂತ್ರಗಳ ವಿಷಯ ಮುಗಿದಾಗ, "ಅಂದರೆ ಕೋಲಾರದ ಗಣಿಗೆ ಕರೆಂಟು ಮೊದಲು ಹೋದದ್ದು, ಉರುವಲಿನ ಖರ್ಚು ಹೊತ್ತು ಸಾಕಾಗಿದ್ದವರು ಅಲ್ಲಿದ್ದರು ಎಂಬ ಕಾರಣಕ್ಕೆ. ಇದು ಒಂದು ಕಾರಣ. ಕರೆಂಟು ಕೊಳ್ಳಲು ಗಣಿಯವರ ಹತ್ತಿರ ದುಡ್ಡೂ ಇತ್ತು, ಇದು ಎರಡನೇ ಕಾರಣ." ಬರೀ "ಎರಡನೆಯದು" ಎಂದು ಬಿಡಬಾರದು. ನಿಮಿಷ ಕಳೆದ ಮೇಲೆ ಯಾವುದರ ಎರಡನೆಯದು ಎಂಬುದು ಮರೆತಿರುತ್ತದೆ.

ಈ ಬಗೆಯ ಮರುಕಳಿಕೆಗೆ ನಮ್ಮಲ್ಲೇ ಒಳ್ಳೆಯ ಮಾದರಿ ಇದೆ. ಯಕ್ಷಗಾನದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಎಲ್ಲವೂ ಕಿವಿಗೇ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅದೇ ಸಂಗತಿಯನ್ನು ಮಾತಿನಲ್ಲಿ ಮತ್ತೆ ಎತ್ತಿಕೊಳ್ಳುತ್ತಾನೆ. ಪದ್ಯದಲ್ಲಿ ಇದ್ದಷ್ಟನ್ನೇ ಒಪ್ಪಿಸಿ ಕೂತರೆ ಸಭೆ ಆಕಳಿಸುತ್ತದೆ. ಅಲ್ಲಿಂದ ವಾದವನ್ನು ಒಂದು ಹೆಜ್ಜೆ ಮುಂದೆ ಒಯ್ದರೆ ಕೂತು ಕೇಳುತ್ತದೆ.

ಕಾಲ ಹಿಂದೆಮುಂದೆ ಆಗುವ ಕಡೆ ಮಾತ್ರ ಕೈಕಂಬ ಢಾಳಾಗಿಯೇ ಇರಬೇಕು. ನಮ್ಮ ಸ್ಕ್ರಿಪ್ಟ್ 1902ರಿಂದ ಹಿಂದಕ್ಕೆ ಗಣಿಯ ಕಥೆಗೆ, ಅಲ್ಲಿಂದ ಮುಂದಕ್ಕೆ 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಗೆ ಜಿಗಿಯುತ್ತಿತ್ತು. ಅಚ್ಚಿನಲ್ಲಿ ಒಂದು ಸಾಲು ಖಾಲಿ ಬಿಟ್ಟರೆ ಸಾಕು. ಇಲ್ಲಿ, "ಗಣಿಯ ಮಾತು ಇಲ್ಲಿಗೆ ನಿಲ್ಲಿಸೋಣ. ಶಿವನಸಮುದ್ರಕ್ಕೆ ವಾಪಸ್ ಬರೋಣ. ಅಲ್ಲೊಂದು ತೊಂದರೆ ಎದ್ದಿತ್ತು: ಬೇಸಿಗೆಯಲ್ಲಿ ಕಾವೇರಿಯ ನೀರು ಇಳಿಯುತ್ತಿತ್ತು" ಎಂದು ಹಾಕಿದೆ. ಆಮೇಲೆ ಕನ್ನಂಬಾಡಿ ಬಂದಾಗ, ಅದನ್ನು ಕಟ್ಟುವುದಕ್ಕೆ ಇದ್ದ ಕಾರಣಗಳಲ್ಲಿ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಒಂದು ಎಂಬುದು ತಾನಾಗಿ ಕೂಡಿಕೊಳ್ಳುತ್ತದೆ. ಜಾಹೀರಾತಿನ ನಂತರದ ಮೊದಲ ವಾಕ್ಯದಲ್ಲೂ ಜಾಗದ ಹೆಸರು ಮತ್ತು ಪ್ರಶ್ನೆ ಎರಡೂ ಇರಬೇಕು.

ಮರುಕಳಿಕೆ ಅತಿಯಾಯಿತೋ ಎಂದು ಪುಟ ನೋಡಿ ಹೇಳಲು ಆಗುವುದಿಲ್ಲ. ಪುಟದಲ್ಲಿ ಎಲ್ಲವೂ ಅತಿಯಾಗಿಯೇ ಕಾಣುತ್ತದೆ. ನಾನು ಫೋನಿನಲ್ಲಿ ಒರಟಾಗಿ ಓದಿ ರೆಕಾರ್ಡ್ ಮಾಡಿ, ವಿಷಯ ಗೊತ್ತಿಲ್ಲದ ಒಬ್ಬರಿಗೆ ಕೇಳಿಸುತ್ತೇನೆ, ಅವರು ಸೊಪ್ಪು ಬಿಡಿಸುತ್ತಲೋ ಬಟ್ಟೆ ಮಡಿಸುತ್ತಲೋ ಇರುವಾಗ. ಮುಗಿದ ಮೇಲೆ "ಹೇಗಿತ್ತು" ಎಂದು ಕೇಳುವುದಿಲ್ಲ, ಎಲ್ಲರೂ ಚೆನ್ನಾಗಿತ್ತು ಎಂದೇ ಹೇಳುತ್ತಾರೆ. ಕಥೆಯನ್ನು ವಾಪಸ್ ಹೇಳಿಸುತ್ತೇನೆ. ಎಲ್ಲಿ ಅವರು ಒಂದು ಕೊಂಡಿ ಹಾರಿಸುತ್ತಾರೋ ಅಲ್ಲಿ ನನ್ನ ಕೈಕಂಬ ಸಾಲದು. ಮಾತು ಮುಗಿಯುವ ಮುಂಚೆಯೇ "ಹೂಂ, ಗೊತ್ತಾಯ್ತು" ಎಂದರೆ ಅಲ್ಲಿ ಮರುಕಳಿಕೆ ಹೆಚ್ಚಾಗಿದೆ. ಈ ಸಂಚಿಕೆಯಲ್ಲಿ ನೂರೈವತ್ತು ಕಿಲೋಮೀಟರ್ ಎರಡನೇ ಸಲ ಬಂದಾಗಲೇ ಅಂಥ ಹೂಂಗುಟ್ಟು ಬಂತು, ಆದ್ದರಿಂದ ದೂರ ಒಂದೇ ಸಲ ಉಳಿಯಿತು. ಪ್ರಶ್ನೆ ಮಾತ್ರ ಎಷ್ಟು ಸಲ ಬಂದರೂ ಯಾರೂ ತಕರಾರು ತೆಗೆಯಲಿಲ್ಲ, ಪ್ರತಿ ಸಲವೂ ಉತ್ತರ ಬದಲಾಗುತ್ತಿತ್ತಲ್ಲ.

ಕತ್ತರಿಸಿದ ಅಂಕಿಗಳನ್ನು ಎಸೆಯಲಿಲ್ಲ. 147, ಇಂಜಿನಿಯರರ ಪೂರ್ತಿ ಹೆಸರು, ದಿವಾನರ ಅಧಿಕಾರಾವಧಿ, ಎಲ್ಲವೂ ಸಂಚಿಕೆಯ ಕೆಳಗಿನ ಬರಹದ ವಿವರಣೆಯಲ್ಲಿ ಸೇರಿದವು. ಅಲ್ಲಿ ಆವರಣ ಚಿಹ್ನೆ ಹಾಕಲು ಬರೆದವರಿಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟೆ, ಧಾರಾಳವಾಗಿಯೇ ಹಾಕಿದರು.