ಪೆಸೊದಲ್ಲಿ ಸಂಬಳ ಬರುವವರಿಗೆ: ತಾರೀಖು ನೋಡಿಕೊಳ್ಳಿ

ಅರ್ಜೆಂಟೀನಾದ ಕಂಪನಿಗೆ ಕೆಲಸ ಮಾಡುವವರು ಸಂಬಳದ ಮೊತ್ತದ ಜೊತೆ ಅದು ಕೈ ಸೇರುವ ತಾರೀಖಿಗೂ ಚೌಕಾಸಿ ಮಾಡಿ. ಬೆಲೆ ಓಡುವಾಗ ತಡ ಅಂದರೆ ಕಡಿತವೇ.

2023ರ ಡಿಸೆಂಬರ್ ಒಂದೇ ತಿಂಗಳಲ್ಲಿ ಅಲ್ಲಿ ಬೆಲೆಗಳು 25.5% ಏರಿದವು. ಆ ವೇಗದಲ್ಲಿ 1,00,000 ಪೆಸೊ ಒಂದು ತಿಂಗಳು ತಡವಾದರೆ ಎಷ್ಟು ಉಳಿಯುತ್ತದೆ? ಇಲ್ಲಿ ಕಳೆಯಬಾರದು, 1.255ರಿಂದ ಭಾಗಿಸಬೇಕು. ಸುಮಾರು 79,700 ಪೆಸೊದ ಸಾಮಾನು ಸಿಗುತ್ತದೆ, ಅಷ್ಟೇ. ಹದಿನೈದು ದಿನ ತಡವಾದರೂ ಹತ್ತಿರ ಹತ್ತಿರ 11,000 ಹೋಯಿತು. ಬ್ಯಾಂಕಿನಲ್ಲಿ ಮಾತ್ರ ಪೂರ್ತಿ ಲಕ್ಷವೇ ಕಾಣುತ್ತದೆ, ಅದಕ್ಕೇ ಯಾರೂ ಜಗಳ ಆಡುವುದಿಲ್ಲ!

‘ಡಾಲರ್‌ನಲ್ಲೇ ಒಪ್ಪಂದ ಆಗಿದೆಯಲ್ಲ’ ಅಂತ ಸುಮ್ನೆ ಕೂರಬೇಡಿ. ಯಾವ ದಿನದ ದರ ಅಂತ ಬರೆದಿದೆ, ನೋಡಿ. ಅದೇ ಡಿಸೆಂಬರ್ 13ರಂದು ಸರ್ಕಾರ ಡಾಲರ್ ದರವನ್ನು ಸುಮಾರು 366 ಪೆಸೊದಿಂದ 800ಕ್ಕೆ ಏರಿಸಿತು. ಹಿಂದಿನ ದಿನದ ದರದಲ್ಲಿ 1,000 ಡಾಲರ್‌ಗೆ ಬಿಲ್ ಹಾಕಿದ್ದರೆ 3,66,000 ಪೆಸೊ. ಒಂದು ದಿನ ಕಳೆದ ಮೇಲೆ ಅದೇ ಹಣ 457 ಡಾಲರ್.

ಹಾಗಾಗಿ ‘ಹಣ ಜಮೆ ಆಗುವ ದಿನದ ದರ’ ಅಂತಲೇ ಬರೆಸಿ. ಯಾವ ಬ್ಯಾಂಕಿನ ದರ ಅನ್ನುವುದೂ ಇರಲಿ, ಅಲ್ಲಿ ಒಂದೇ ಡಾಲರ್‌ಗೆ ನಾಲ್ಕಾರು ದರ ಓಡಾಡಿದ್ದುಂಟು.