ಫೋಟೋ ನೋಡಿಯೇ ಮ್ಯಾಕ್‌ಬುಕ್ ಏರ್‌ನ ಮಾದರಿ ಪತ್ತೆ ಮಾಡಿದ್ದು

ಬದಿಯಡ್ಕದಲ್ಲಿರುವ ಅಕ್ಕನ ಮಗಳಿಗೆ ಕಾಞಂಗಾಡ್‌ನ ಒಬ್ಬರು ಹಳೆಯ ಲ್ಯಾಪ್‌ಟಾಪ್ ಮಾರುವವರಿದ್ದರು. 'ಮ್ಯಾಕ್‌ಬುಕ್ ಏರ್, 2020' ಅಂತಷ್ಟೇ ಹೇಳಿದ್ದರು. ಆ ವರ್ಷ ಎರಡು ಬೇರೆ ಬೇರೆ ಏರ್ ಬಂದಿವೆ: ಒಂದು ಇಂಟೆಲ್ ಚಿಪ್‌ನದ್ದು, ಇನ್ನೊಂದು ಆಪಲ್‌ನದ್ದೇ ಆದ M1 ಚಿಪ್‌ನದ್ದು. ಹೊರಗಿನಿಂದ ಎರಡೂ ಒಂದೇ ತರ. ಆದರೆ M1 ಜಾಸ್ತಿ ವೇಗದ್ದು, ಬ್ಯಾಟರಿಯೂ ಜಾಸ್ತಿ ಹೊತ್ತು ಬರುತ್ತದೆ. ಹಾಗಾಗಿ ಬೆಲೆ ಒಂದೇ ಆಗಬಾರದು, ಅಲ್ವಾ?

ಅವರು ಕಳಿಸಿದ ಫೋಟೋಗಳಲ್ಲಿ ಮೊದಲು ಪೋರ್ಟ್ ನೋಡಿದೆ. ಎಡಗಡೆ ಎರಡು ಯುಎಸ್‌ಬಿ-ಸಿ, ಬೇರೇನೂ ಇಲ್ಲ. 2017ರ ಏರ್‌ನಲ್ಲಾದರೆ ಅಗಲದ ಹಳೆಯ ಯುಎಸ್‌ಬಿ ಇರುತ್ತಿತ್ತು. M1ನ ನಂತರದ M2 ಆದರೆ ಅಯಸ್ಕಾಂತದಿಂದ ಅಂಟುವ ಚಾರ್ಜರ್‌ನ ಪೋರ್ಟ್ ಮ್ಯಾಗ್‌ಸೇಫ್ ಇರುತ್ತಿತ್ತು. ಉಳಿದದ್ದು 2018ರಿಂದ 2020ರವರೆಗಿನವು.

ಮುಂದಿನದ್ದು ಬಾಣದ ಕೀಗಳು. 2018, 2019ರಲ್ಲಿ ಎಡ-ಬಲ ಬಾಣಗಳು ಪೂರ್ತಿ ಎತ್ತರದವು. ಇಲ್ಲಿ ಅವು ಅರ್ಧ ಎತ್ತರ, ಮೇಲೆ ಖಾಲಿ ಜಾಗ. ಅಂದರೆ 2020 ಎಂಬುದು ನಿಜ.

ನಿರ್ಣಯ ಆದದ್ದು ಮೇಲಿನ ಸಾಲಿನಲ್ಲಿ. M1ನಲ್ಲಿ F4 ಮೇಲೆ ಭೂತಗನ್ನಡಿ, F5 ಮೇಲೆ ಮೈಕ್, F6 ಮೇಲೆ ಅರ್ಧಚಂದ್ರ ಇರುತ್ತದೆ. ಫೋಟೋ ದೊಡ್ಡದು ಮಾಡಿ ನೋಡಿದರೆ F5, F6 ಮೇಲೆ ಕೀಬೋರ್ಡ್ ಬೆಳಕಿನ ಗುರುತುಗಳಿದ್ದವು. ಇಂಟೆಲ್!

ಆದರೂ ರಿಪೇರಿಯಲ್ಲಿ ಕೀಬೋರ್ಡ್ ಇರುವ ಮೇಲ್ಭಾಗವನ್ನೇ ಬದಲಿಸಿರಬಹುದು. ಅದಕ್ಕೇ ತಳಭಾಗದ ಸಣ್ಣ ಅಕ್ಷರಗಳ ಫೋಟೋವನ್ನೂ ತರಿಸಿಕೊಂಡೆ. A2179 ಎಂದಿತ್ತು, ಇಂಟೆಲ್‌ನದ್ದೇ. M1 ಆಗಿದ್ದರೆ A2337 ಇರಬೇಕಿತ್ತು. ಅಕ್ಕನ ಮಗಳು M1ನದ್ದೇ ಹುಡುಕುತ್ತಿದ್ದಾಳೆ.