ಸಕ್ಕರೆ ಅಚ್ಚು: ನನ್ನ ಬೊಗಸೆ, ಮೊಮ್ಮಗಳ ಬೊಗಸೆ

ಸಂಕ್ರಾಂತಿಗೆ ಸಕ್ಕರೆ ಅಚ್ಚನ್ನು ಮನೆಯಲ್ಲೇ ಹೊಯ್ಯುವುದನ್ನು ಹದಿಮೂರು ವರ್ಷದ ಮೊಮ್ಮಗಳಿಗೆ ಕಲಿಸುತ್ತೇನೆಂದಾಗ ನಾದಿನಿ ಒಪ್ಪಲಿಲ್ಲ. ಕೈಯಳತೆಯನ್ನು ಹೇಳಿಕೊಡಲು ಬರುವುದಿಲ್ಲ, ಗಾಂಧಿ ಬಜಾರಿನಲ್ಲಿ ಒಂದು ಕಿಲೋ ತಂದರೆ ಕೆಲಸ ಮುಗಿಯುತ್ತದೆ ಎಂಬುದು ಅವಳ ವಾದ. ಈ ಸಂಕ್ರಾಂತಿಗೆ ಎಳ್ಳಿನೊಡನೆ ಬೀರಿದ ಅಚ್ಚುಗಳೆಲ್ಲ ಮೊಮ್ಮಗಳು ಹೊಯ್ದವು, ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ಲೆಕ್ಕ ನಾಲ್ಕು ಬೊಗಸೆ ಸಕ್ಕರೆ. ಅದನ್ನು ಪಾತ್ರೆಯಲ್ಲಿ ಸಮ ಮಾಡಿ, ತೋರುಬೆರಳನ್ನು ಸಕ್ಕರೆಗೆ ತಾಗಿಸಿ ಹಿಡಿದು, ಅರ್ಧ ಗೆಣ್ಣು ಮುಳುಗುವಷ್ಟು ನೀರು ಹಾಕುತ್ತೇನೆ. ಕುದಿ ಬಂದಾಗ ಅಂಗೈ ಗುಳಿಯಷ್ಟು ಹಾಲನ್ನು ಅಷ್ಟೇ ನೀರಿನೊಡನೆ ಬೆರೆಸಿ ಸುತ್ತಲೂ ಬಿಡುತ್ತೇನೆ. ಮೊಮ್ಮಗಳು ಅಡುಗೆಯ ತಕ್ಕಡಿ ತಂದು ತೂಗಿದಾಗ ನನ್ನ ನಾಲ್ಕು ಬೊಗಸೆ ಒಂದು ಕಿಲೋಗೆ ಸ್ವಲ್ಪ ಕಡಿಮೆ ಬಂದಿತು. ಅವಳ ಬೊಗಸೆಯಲ್ಲಿ ಅಷ್ಟಕ್ಕೆ ಆರರ ಹತ್ತಿರ ಬೇಕಾಯಿತು. "ಅಜ್ಜಿ, ನಿನ್ನ ಕೈ ದೊಡ್ಡದು, ನಾನು ಏನು ಮಾಡಲಿ?" ಎಂದಳು. "ನಾಲ್ಕೇ ಹಾಕು ಪುಟ್ಟಿ, ಹಾಲನ್ನೂ ನಿನ್ನ ಅಂಗೈಯಲ್ಲೇ ಅಳೆ" ಎಂದೆ. ಒಂದೇ ಕೈ ಎಲ್ಲವನ್ನೂ ಅಳೆದರೆ ಸಕ್ಕರೆ ಕಡಿಮೆಯಾದಂತೆ ಹಾಲೂ ಕಡಿಮೆಯಾಗುತ್ತದೆ. ನೀರಿನ ವಿಷಯದಲ್ಲಿ ಅಷ್ಟು ಚಿಂತೆ ಬೇಡ. ಹೆಚ್ಚಾದರೆ ಕುದಿದು ಹೋಗುತ್ತದೆ, ಗ್ಯಾಸು ಮಾತ್ರ ದಂಡ.

ಹಾಲು ಬಿದ್ದೊಡನೆ ಬೂದು ಬಣ್ಣದ ಕೊಳೆ ಮೇಲೇಳುತ್ತದೆ. ಅದನ್ನು ತೆಗೆದು, ಇನ್ನೊಮ್ಮೆ ಹಾಲು ಬಿಟ್ಟು ತೆಗೆದು, ಒದ್ದೆ ಮಾಡಿದ ತೆಳು ಬಟ್ಟೆಯಲ್ಲಿ ಸೋಸಬೇಕು. ಅಚ್ಚಿನ ಬಿಳುಪು ಇಲ್ಲೇ ನಿರ್ಧಾರವಾಗುತ್ತದೆ. ಕೊನೆಯ ಸೋಸುವಿಕೆಗೆ ಮುಂಚೆ ನಾನು ಹಾಕುವ ಒಂದು ವಸ್ತುವಿದೆ. ಅದನ್ನು ನನ್ನ ಅತ್ತೆ ನನಗೆ ಹೇಳಿದ್ದರು, ನಾನು ಮೊಮ್ಮಗಳಿಗೆ ಹೇಳಿದ್ದೇನೆ, ಇಲ್ಲಿ ಬರೆಯುವುದಿಲ್ಲ.

ಕಷ್ಟವಿರುವುದು ಹೊಯ್ಯುವ ಗಳಿಗೆಯಲ್ಲಿ. ಸೋಸಿದ ಪಾಕದಲ್ಲಿ ಒಂದೇ ಸೌಟನ್ನು ಸಣ್ಣ ಬಾಣಲೆಗೆ ತೆಗೆದುಕೊಂಡು ಮರದ ಚಮಚದಿಂದ ತಿರುಗಿಸುತ್ತಿರಬೇಕು. ದೊಡ್ಡ ಗುಳ್ಳೆಗಳು ಸಣ್ಣವಾಗಿ ಒತ್ತೊತ್ತಾಗುತ್ತವೆ, ಆಮೇಲೆ ಬಾಣಲೆಯ ಅಂಚಿನಲ್ಲಿ ಬಿಳಿ ಗೆರೆ ಕಟ್ಟುತ್ತದೆ, ಚಮಚದ ಬೆನ್ನಿನ ಮೇಲಿನ ಪಾಕ ಹಾಲಿನಂತೆ ಮಸುಕಾಗುತ್ತದೆ. ಆಗಲೇ ಇಳಿಸಿ ಹೊಯ್ಯಬೇಕು. ಮೊಮ್ಮಗಳ ಮೊದಲ ಸುತ್ತುಗಳಲ್ಲಿ ಪಾಕ ತಿಳಿಯಾಗಿರುವಾಗಲೇ ಅಚ್ಚಿಗೆ ಹೋಯಿತು. ಮೇಲೆ ಗಟ್ಟಿಯಾಗಿ ಕಂಡ ಆನೆಗಳು ಮರುದಿನ ತಟ್ಟೆಯಲ್ಲಿ ನೀರು ಬಿಟ್ಟವು. ಅದಕ್ಕೆ ಹೆದರಿ ತಡ ಮಾಡಿದಾಗ ಪಾಕ ಬಾಣಲೆಯಲ್ಲೇ ಕಟ್ಟಿ ರವೆಯಂತೆ ಪುಡಿಯಾಯಿತು. ಕೆಟ್ಟದ್ದನ್ನು ನೀರು ಹಾಕಿ ಮತ್ತೆ ಕರಗಿಸಬಹುದು, ಆದರೆ ಪ್ರತಿ ಸಲವೂ ಬಣ್ಣ ಸ್ವಲ್ಪ ಹಳದಿಯಾಗುತ್ತದೆ. ಅವಳು ಥರ್ಮಾಮೀಟರ್ ಕೂಡ ಹಿಡಿದು ನೋಡಿದಳು. ಒಂದು ಸೌಟು ಪಾಕದಲ್ಲಿ ಅದರ ತುದಿಯೇ ಸರಿಯಾಗಿ ಮುಳುಗದೆ, ಓದಿದ ಅಂಕಿ ಪ್ರತಿ ಸಲವೂ ಬೇರೆಯಾಗಿತ್ತು. ಬಿಳಿ ಗೆರೆಯನ್ನು ನೋಡಲು ಕಲಿತ ಮೇಲೆ ಅದನ್ನು ಪಕ್ಕಕ್ಕಿಟ್ಟಳು.

ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಸಿ, ಹೊಯ್ಯುವ ಮುಂಚೆ ಬಟ್ಟೆಯಿಂದ ಒರೆಸಿ, ದಾರ ಬಿಗಿದು ಕಟ್ಟಬೇಕು. ಒಣ ಮರ ಪಾಕವನ್ನು ಹೀರಿ ಬಿಡದೆ ಹಿಡಿಯುತ್ತದೆ. ನೀರು ನಿಂತಿದ್ದರೆ ಆನೆಯ ಸೊಂಡಿಲು, ಗಿಳಿಯ ಬಾಲ ಮೊದಲು ಮುರಿಯುತ್ತವೆ. ಸೊಸೆ ತಂದ ಸಿಲಿಕಾನ್ ಅಚ್ಚಿನಲ್ಲೂ ಹೊಯ್ದೆವು. ಬಿಡಿಸಲು ಸುಲಭ, ಆದರೆ ಒಳಗೆ ತೇವ ಉಳಿದು ಒಣಗಲು ಇಡೀ ದಿನ ಬೇಕಾಯಿತು, ಗಿಳಿಯ ಕಣ್ಣೂ ಮೂಡಲಿಲ್ಲ. ಬೆಲ್ಲದಲ್ಲಿ ಮಾಡುವ ಆಸೆಯೂ ಮೊಮ್ಮಗಳಿಗಿತ್ತು. ಬೆಲ್ಲ ಸಕ್ಕರೆಯ ಹಾಗೆ ಬಿಳಿಯಾಗಿ ಹರಳುಗಟ್ಟುವುದಿಲ್ಲ, ಅಂಟಾಗಿ ಮರಕ್ಕೇ ಮೆತ್ತಿಕೊಂಡಿತು, ಆ ಅಚ್ಚನ್ನು ಬಿಸಿನೀರಿನಲ್ಲಿಟ್ಟು ಬಿಡಿಸಬೇಕಾಯಿತು.

ಖರ್ಚನ್ನು ಹೇಳುವುದಾದರೆ, ಕಲಿಕೆಗೆ ಐದಾರು ಕಿಲೋ ಸಕ್ಕರೆ, ಹತ್ತಿರ ಹತ್ತಿರ ಮುನ್ನೂರು ರೂಪಾಯಿ, ಜೊತೆಗೆ ಸಿಲಿಂಡರಿನ ಕಾಲು ಭಾಗವಾದರೂ ಹೋಗಿರಬೇಕು. ಅಂಗಡಿಯ ಅಚ್ಚು ನಾವು ವಿಚಾರಿಸಿದಾಗ ಕಿಲೋಗೆ ನಾನೂರರ ಆಸುಪಾಸಿನಲ್ಲಿತ್ತು. ಕೈ ಕುದುರಿದ ಮೇಲೆ ಅವಳು ಹೊಯ್ದದ್ದು ಮೂರು ಕಿಲೋ ದಾಟಿತು, ಒಡೆದದ್ದು ಒಂದು ಹಿಡಿಯಷ್ಟು. ಮೋಡ ಮುಸುಕಿದ ದಿನ ಮಾತ್ರ ಹೊಯ್ಯಲು ಬಿಡಲಿಲ್ಲ, ಏಕೆಂದರೆ ತೇವದ ಗಾಳಿಯಲ್ಲಿ ಅಚ್ಚು ಜಿಗುಟಾಗುತ್ತದೆ. ಬಿಡಿಸಿದವನ್ನು ಒಂದು ರಾತ್ರಿ ತಟ್ಟೆಯಲ್ಲಿ ಆರಲು ಬಿಟ್ಟು, ಬೆಳಿಗ್ಗೆ ಡಬ್ಬಿಗೆ ತುಂಬಿದೆವು. ನಾದಿನಿ ತನ್ನ ಪಾಲಿನವನ್ನು ತೆಗೆದುಕೊಂಡು ಹೋಗುವಾಗ, ಮುಂದಿನ ವರ್ಷಕ್ಕೆ ಮರದ ಅಚ್ಚುಗಳನ್ನು ಎರವಲು ಕೊಡುತ್ತೀಯಾ ಎಂದು ಕೇಳಿದಳು. ಅವು ಈಗ ಮೊಮ್ಮಗಳವು, ಅವಳನ್ನೇ ಕೇಳು ಎಂದೆ.